ಒಬ್ಬನಿಗೆ ಮಾತ್ರ ಯಾಕೆ ನಂಜನಗೂಡಿನ ಮಾತು?

ಇಂಗ್ಲಿಷಿನಿಂದ ಕನ್ನಡಕ್ಕೆ ಬಂದ ಕತೆಗಳನ್ನು ಓದುವಾಗ ಒಂದು ಪದ್ಧತಿ ಕಣ್ಣಿಗೆ ಬೀಳುತ್ತದೆ. ಕತೆ ನಡೆಯುವುದು ಅಮೆರಿಕದಲ್ಲೋ ಐರ್ಲೆಂಡಿನಲ್ಲೋ. ನಿರೂಪಕ ಶುದ್ಧ ಪುಸ್ತಕದ ಕನ್ನಡದಲ್ಲಿ ಮಾತಾಡುತ್ತಾನೆ. ಡಾಕ್ಟರು, ಪಾದ್ರಿ, ಜಮೀನಿನ ಒಡೆಯ ಎಲ್ಲರದೂ ಅದೇ ಕನ್ನಡ. ಆಮೇಲೆ ಒಬ್ಬ ಆಳು ಬರುತ್ತಾನೆ, ಇಲ್ಲವೇ ಒಬ್ಬ ಕುಡುಕ, ಒಬ್ಬ ಕಪ್ಪು ಕೂಲಿಯವನು. ಅವನು ಬಾಯಿ ತೆಗೆದ ಕೂಡಲೇ "ಏನ್ಲಾ", "ಬುಡು", "ವಸಿ ತಡಿ" ಎಂದು ನಮ್ಮ ಕಡೆಯ ಮಾತು ಹೊರಬರುತ್ತದೆ. ಅನುವಾದಕರು ಮುನ್ನುಡಿಯಲ್ಲಿ ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ: ಮೂಲದ ಆಡುನುಡಿಯ ಸೊಗಡನ್ನು ಉಳಿಸಲು ಇಲ್ಲಿನ ಗ್ರಾಮ್ಯ ಭಾಷೆಯನ್ನು ಬಳಸಿಕೊಳ್ಳಲಾಗಿದೆ.

ನಂಜನಗೂಡು ತಾಲ್ಲೂಕಿನಲ್ಲಿ ಬೆಳೆದ, ಅಮ್ಮನ ತವರು ತಿರುಮಕೂಡಲು ನರಸೀಪುರವಾದ ನನಗೆ ಈ ಸೊಗಡಿನ ಬಗ್ಗೆ ಜಗಳ ತೆಗೆಯುವುದಿದೆ. ಹೀಗೆ ಮಾಡಿದ ಅನುವಾದದಲ್ಲಿ ಮಾತು ನಂಬುವಂತಿರುವುದಿಲ್ಲ ಎಂಬುದು ನನ್ನ ಮೊದಲ ದೂರು. ಕತೆಯಲ್ಲಿ ಯಾರು ಕೀಳು ಎಂದು ತೋರಿಸುವ ಗುರುತಿನ ಚೀಟಿಯಾಗಿ ನಮ್ಮ ಮಾತು ಬಳಕೆಯಾಗುತ್ತಿದೆ ಎಂಬುದು ಎರಡನೆಯದು. ಎರಡಕ್ಕೂ ಮದ್ದು ಒಂದೇ ಎಂದು ನನ್ನ ನಂಬಿಕೆ. ಅದನ್ನು ಹೇಳಲು ಇಟಲಿಯನ್ನು ಸುತ್ತಿ ಬರಬೇಕು.

ಇಟಲಿಯೇ ಯಾಕೆಂದರೆ, ಅಲ್ಲಿನ ಪರಿಸ್ಥಿತಿಗೂ ನಮ್ಮದಕ್ಕೂ ಹೋಲಿಕೆ ಹೆಚ್ಚು. ಅಲ್ಲೂ ಪುಸ್ತಕದ ಭಾಷೆ ಒಂದು ಕಡೆ, ಊರಿಗೊಂದು ನುಡಿ ಇನ್ನೊಂದು ಕಡೆ. ನೇಪಲ್ಸಿನವನು ತನ್ನ ನುಡಿಯಲ್ಲೇ ಮಾತಾಡಿದರೆ ವೆನಿಸ್‌ನವನಿಗೆ ತಿಳಿಯುವುದು ಕಷ್ಟ. ಅಂಥ ಭಾಷೆಗೆ ಅಮೆರಿಕದ ಬೀದಿಯ ಇಂಗ್ಲಿಷನ್ನು ತರುವ ಕೆಲಸ 1930ರ ದಶಕದಲ್ಲಿ ಜೋರಾಗಿ ನಡೆಯಿತು. ಅದರಲ್ಲಿ ದೊಡ್ಡ ಹೆಸರು ಚೆಸಾರೆ ಪವೇಸೆ. ಸಿಂಕ್ಲೇರ್ ಲೂಯಿಸನ ಒಂದು ಕಾದಂಬರಿಯಿಂದ ಶುರುಮಾಡಿ ಮೆಲ್ವಿಲ್, ಶೆರ್ವುಡ್ ಆಂಡರ್ಸನ್, ಸ್ಟೈನ್‌ಬೆಕ್, ಫಾಕ್ನರ್‌ವರೆಗೆ ಅನುವಾದಿಸಿದ ಈತ ಅಮೆರಿಕವನ್ನು ಕಂಡವನೇ ಅಲ್ಲ. ತುರಿನ್‌ನಲ್ಲಿ ಕುಳಿತು, ಅಮೆರಿಕದಲ್ಲಿದ್ದ ಆಂಟೋನಿಯೋ ಕ್ಯುಮಿನಾಟ್ಟೊ ಎಂಬ ಇಟಾಲಿಯನ್ ಮೂಲದ ಸಂಗೀತಗಾರ ಗೆಳೆಯನಿಗೆ ಪತ್ರ ಬರೆದು, ಈ ಬೀದಿಮಾತಿಗೆ ಏನರ್ಥ, ಆ ನುಡಿಗಟ್ಟನ್ನು ಎಂಥವರು ಬಳಸುತ್ತಾರೆ ಎಂದು ಕೇಳುತ್ತಿದ್ದ. ಗೆಳೆಯ ಪಟ್ಟಿ ಮಾಡಿ ಉತ್ತರ ಕಳಿಸುತ್ತಿದ್ದ. ಬೀದಿಮಾತಿನ ಅನುವಾದದ ಮೊದಲ ಹೆಜ್ಜೆ ಇದು. ಪದದ ಅರ್ಥ ನಿಘಂಟಿನಲ್ಲಿ ಸಿಗಬಹುದು, ಆದರೆ ಅದನ್ನು ಯಾರು ಯಾರಿಗೆ ಯಾವ ಹೊತ್ತಿನಲ್ಲಿ ಅನ್ನುತ್ತಾರೆ ಎಂಬುದನ್ನು ಮನುಷ್ಯರನ್ನೇ ಕೇಳಬೇಕು.

ಎರಡನೆಯ ಹೆಜ್ಜೆಯಲ್ಲೇ ಎಲ್ಲರೂ ಎಡವುವುದು. ಅರ್ಥ ತಿಳಿದ ಮೇಲೆ ಅದಕ್ಕೆ ಸಮನಾದ ಪದ ಹುಡುಕಲು ಹೊರಡುತ್ತಾರೆ. ಇಟಲಿಯಲ್ಲಿ ಹೀಗೆ ಹುಡುಕಿದ್ದರ ಫಲ ಏನಾಯಿತು ಎಂದು ನೋಡಲು ಅವರ ಡಬ್ಬಿಂಗ್ ಸಿನಿಮಾ ನೋಡಿದರೆ ಸಾಕು. ಅಲ್ಲಿ ಹೊರಗಿನ ಚಿತ್ರಗಳನ್ನೆಲ್ಲ ಡಬ್ ಮಾಡಿಯೇ ತೋರಿಸುವುದು ಹಳೆಯ ರೂಢಿ. ಅದರಿಂದ ಒಂದು ವಿಚಿತ್ರ ಇಟಾಲಿಯನ್ ಹುಟ್ಟಿತು. ಅದನ್ನು ಅವರೇ 'ದೊಪ್ಪಿಯಜ್ಜೇಸೆ', ಅಂದರೆ ಡಬ್ಬಿಂಗ್ ಭಾಷೆ ಎಂದು ಕರೆದು ನಗುತ್ತಾರೆ. ಇಂಗ್ಲಿಷಿನ 'ಮ್ಯಾನ್' ಎಂಬ ಸಂಬೋಧನೆ ಬಂದಲ್ಲೆಲ್ಲ 'ಅಮೀಕೊ', 'ಡ್ಯಾಮ್' ಬಂದಲ್ಲೆಲ್ಲ 'ದನ್ನಾತ್ಸಿಯೋನೆ'. ಪದಕ್ಕೆ ಪದ ಸರಿಯಾಗಿದೆ, ಆದರೆ ರೋಮಿನ ಬೀದಿಯಲ್ಲಿ ಇಬ್ಬರು ಜಗಳವಾಡುವಾಗ ಯಾರೂ ಹಾಗೆ ಅನ್ನುವುದಿಲ್ಲ. ಆ ಮಾತುಗಳನ್ನು ಆಡುವ ಜನ ತೆರೆಯ ಮೇಲೆ ಬಿಟ್ಟು ಎಲ್ಲೂ ಇಲ್ಲ.

ನಮ್ಮಲ್ಲಿ ದಶಕಗಳ ಕಾಲ ಡಬ್ಬಿಂಗ್ ಇರಲಿಲ್ಲ, ಆದರೂ ನಮಗೂ ಇಂಥದ್ದೊಂದು ಭಾಷೆ ಇದೆ. ಅದನ್ನು ಅನುವಾದಗನ್ನಡ ಅನ್ನೋಣ. "ಓ ನನ್ನ ದೇವರೇ", "ಪ್ರಿಯ ಗೆಳೆಯನೇ", "ನರಕಕ್ಕೆ ಹೋಗು", "ನಾನು ನಿನಗೆ ಹೇಳುತ್ತಿದ್ದೇನೆ". ಇದರ ವಿರುದ್ಧ ಸಿಟ್ಟಿಗೆದ್ದವರೇ ಇನ್ನೊಂದು ತುದಿಗೆ ಹೋಗಿ "ಏನ್ಲಾ" ಹಿಡಿದದ್ದು. ಎರಡೂ ತುದಿಯವರ ನಂಬಿಕೆ ಒಂದೇ: ಮಾತಿನ ಜೀವ ಪದದಲ್ಲಿದೆ, ಪದ ಸಿಕ್ಕಿದರೆ ಮಾತು ಸಿಕ್ಕಿತು. ನನ್ನ ತಕರಾರು ಇರುವುದು ಈ ನಂಬಿಕೆಯ ಮೇಲೆ.

ಒಂದು ಉದಾಹರಣೆ ಹಿಡಿದು ನೋಡೋಣ. ಇದು ಯಾವ ಕತೆಯದ್ದೂ ಅಲ್ಲ, ನಾನೇ ಕಟ್ಟಿದ್ದು. ಅಮೆರಿಕದ ಸಣ್ಣ ಊರು, ರಾತ್ರಿ, ಪೆಟ್ರೋಲ್ ಬಂಕ್. ಒಂದೇ ವಯಸ್ಸಿನ ಇಬ್ಬರು ಗೆಳೆಯರು. ಒಬ್ಬ ಇನ್ನೊಬ್ಬನಿಗೆ ಸಾಲ ಕೊಟ್ಟಿದ್ದಾನೆ.

"ಯೂ ಗಾಟ್ ಮೈ ಮನಿ, ಆರ್ ವಾಟ್?"
"ಐ ಏಂಟ್ ಗಾಟ್ ನಥಿಂಗ್, ಮ್ಯಾನ್."
"ಯೂ ಸೆಡ್ ಫ್ರೈಡೇ."
"ಐ ನೋ ವಾಟ್ ಐ ಸೆಡ್."

ಎರಡನೆಯ ಸಾಲನ್ನು ಗಮನಿಸಿ. ಅದರಲ್ಲಿ ಎರಡು ನಿಷೇಧ ಒಟ್ಟಿಗೆ ಬಂದಿವೆ. ಶಾಲೆಯ ಇಂಗ್ಲಿಷಿನಲ್ಲಿ ಅದು ತಪ್ಪು, ಬೀದಿಯಲ್ಲಿ ಅದೇ ರೂಢಿ. ಹುಡುಗ ಎಂಥ ಮನೆಯವನು ಎಂದು ಇಂಗ್ಲಿಷ್ ಓದುಗನಿಗೆ ಅಷ್ಟರಲ್ಲೇ ಗೊತ್ತಾಗುತ್ತದೆ. ಇದನ್ನು ಇಟಾಲಿಯನ್ನಿಗೆ ತಂದರೆ ಏನಾಗುತ್ತದೆ? 'ನೊನ್ ಓ ನಿಯೆಂತೆ'. ಇಲ್ಲೂ ಎರಡು ನಿಷೇಧ ಇವೆ. ಆದರೆ ಇಟಾಲಿಯನ್ನಿನಲ್ಲಿ ಅದೇ ಸರಿಯಾದ ವ್ಯಾಕರಣ, ಮೇಷ್ಟರೂ ಹಾಗೇ ಹೇಳುತ್ತಾರೆ. ಮೂಲದಲ್ಲಿ ಬೀದಿಯ ಗುರುತಾಗಿದ್ದದ್ದು ಇಲ್ಲಿ ಶಾಲೆಯ ಮಾತಾಗಿಬಿಟ್ಟಿತು. ಕನ್ನಡದಲ್ಲೋ, "ನನ್ನ ಬಳಿ ಏನೂ ಇಲ್ಲ" ಎಂದರೆ ನಿಷೇಧ ಒಂದೇ, ಗುರುತು ಪೂರ್ತಿ ಮಾಯ.

ಒಳ್ಳೆಯ ಇಟಾಲಿಯನ್ ಅನುವಾದಕ ಇಲ್ಲಿ ಆ ಪದಗಳನ್ನು ಬಿಟ್ಟು, ತನ್ನ ಜನ ಮಾತಾಡುವಾಗ ವಾಕ್ಯ ಹೇಗೆ ಮುರಿಯುತ್ತದೆ ಎಂದು ಕಿವಿಗೊಡುತ್ತಾನೆ. 1980ರ ದಶಕದಲ್ಲಿ ಫ್ರಾಂಚೆಸ್ಕೊ ಸಬಾತೀನಿ, ಗಯೆತಾನೊ ಬೆರ್ರೂತೊ ಮೊದಲಾದ ಭಾಷಾಶಾಸ್ತ್ರಜ್ಞರು ಒಂದು ವಿಷಯವನ್ನು ವಿವರವಾಗಿ ತೋರಿಸಿದರು. ಊರೂರಿನ ನುಡಿಗಳ ಆಚೆಗೆ, ಇಟಲಿಯ ಉದ್ದಗಲಕ್ಕೂ ಜನ ಆಡುವ ಮಾತಿಗೆ ಅದರದೇ ಆದ ಕಟ್ಟಡವಿದೆ. ಉದಾಹರಣೆಗೆ, ಮುಖ್ಯವಾದ ವಸ್ತುವನ್ನು ಮೊದಲು ಎತ್ತಿ ಹಾಕಿ, ಆಮೇಲೆ ಅದಕ್ಕೆ ಸರ್ವನಾಮ ಸೇರಿಸಿ ವಾಕ್ಯ ಮುಗಿಸುವುದು. ಹಾಗಾಗಿ ನಮ್ಮ ಮೊದಲ ಸಾಲು 'ಇ ಸೋಲ್ದಿ, ಚೆ ಲಿ ಐ, ಓ ನೋ?' ಆಗುತ್ತದೆ. ಅಂದರೆ, ದುಡ್ಡು, ಅದು ಇದೆಯೋ ಇಲ್ಲವೋ. ಎರಡನೆಯ ಸಾಲಿನಲ್ಲಿ 'ಓ' ಎಂಬ ಕ್ರಿಯಾಪದದ ಬದಲು ಮಾತಿನಲ್ಲಿ ಬರುವ 'ಚೋ' ಎಂಬ ರೂಪ ಹಾಕಿದರೆ ಸಾಕು, 'ನೊನ್ ಚೋ ನಿಯೆಂತೆ'. 'ಮ್ಯಾನ್' ಬಿದ್ದುಹೋಯಿತು, 'ಅಮೀಕೊ' ಬೇಕಾಗಲಿಲ್ಲ. ಕೊನೆಯ ಸಾಲು 'ಲೊ ಸೊ, ಕೋಸ ಓ ದೆತ್ತೊ'. ಅದರಲ್ಲಿನ 'ಲೊ' ಪುಸ್ತಕದ ಲೆಕ್ಕಕ್ಕೆ ಹೆಚ್ಚುವರಿ, ಬಾಯಿಯ ಲೆಕ್ಕಕ್ಕೆ ಅದೇ ಜೀವ. ಇಷ್ಟರಲ್ಲಿ ಎಲ್ಲೂ ಬೈಗುಳವಿಲ್ಲ, ಯಾವ ಊರಿನ ನುಡಿಯೂ ಇಲ್ಲ. ಆದರೂ ಇಟಲಿಯ ಓದುಗನಿಗೆ ಇಬ್ಬರು ಹುಡುಗರ ಧ್ವನಿ ಕೇಳುತ್ತದೆ.

ಈಗ ನಮ್ಮಲ್ಲಿಗೆ ಬರೋಣ. ಸೊಗಡಿನ ಪಕ್ಷದವರು ಈ ನಾಲ್ಕು ಸಾಲನ್ನು ಸುಮಾರಾಗಿ ಹೀಗೆ ಮಾಡುತ್ತಾರೆ:

"ಯಾಕ್ಲಾ, ನನ್ ದುಡ್ಡೆಲ್ಲಾ?"
"ನನ್ ತಾವ ಒಂದ್ ಬಿಡ್ಗಾಸೂ ಇಲ್ಲ ಕನ, ಬುಡು."
"ಸುಕ್ರಾರ ಕೊಡ್ತೀನಿ ಅಂದಿದ್ದಲ್ಲ?"
"ಅಂದಿದ್ದು ನಂಗೊತ್ತಿಲ್ವ? ವಸಿ ತಡಿ."

ಮಾತು ಚೆನ್ನಾಗಿಯೇ ಇದೆ. ಆದರೆ ಓದುವಾಗ ಪೆಟ್ರೋಲ್ ಬಂಕ್ ಎಲ್ಲಿ ಹೋಯಿತು? ನನ್ನ ಕಣ್ಣ ಮುಂದೆ ಕಪಿಲಾ ನದಿಯ ಸೋಪಾನ ಬಂತು, ನರಸೀಪುರದ ಬಸ್ ಸ್ಟ್ಯಾಂಡ್ ಬಂತು. ಆ ಹುಡುಗರಿಗೆ ಜಾತಿ ಬಂತು, ಕೇರಿ ಬಂತು. ನಮ್ಮ ಕಡೆ ಎರಡು ವಾಕ್ಯ ಕೇಳಿದರೆ ಆಡಿದವರು ಯಾವ ದಿಕ್ಕಿನವರೆಂದು ಊಹಿಸುವವರು ಇದ್ದಾರೆ. 'ಮನೆಗೆ' ಅನ್ನುವುದು 'ಮನಗ' ಆಯಿತೇ, 'ಹ' ಬಿದ್ದು 'ಹಟ್ಟಿ' ಹೋಗಿ 'ಅಟ್ಟಿ' ಆಯಿತೇ ಎಂದು ಕಿವಿ ತಾನಾಗಿಯೇ ಲೆಕ್ಕ ಹಾಕುತ್ತದೆ. ಇಷ್ಟು ಮಾಹಿತಿ ಹೊತ್ತ ಮಾತನ್ನು ಅಮೆರಿಕದ ಹುಡುಗನ ಬಾಯಿಗೆ ಇಟ್ಟರೆ ಅವನು ಅಮೆರಿಕದವನಾಗಿ ಉಳಿಯುವುದಿಲ್ಲ, ನಂಜನಗೂಡಿನವನೂ ಆಗುವುದಿಲ್ಲ. ಮುಂದಿನ ಸಾಲಿನಲ್ಲೇ ಅವನು ಡಾಲರ್ ಎಣಿಸಬೇಕು, ಹಿಮದಲ್ಲಿ ನಡೆದು ಹೋಗಬೇಕು. ಇಷ್ಟಕ್ಕೂ ಇಂದು ನರಸೀಪುರದ ಕಾಲೇಜಿನ ಹುಡುಗ 'ಮಗಾ', 'ಬಾಸ್' ಅನ್ನುತ್ತಾನೆ. ಅನುವಾದಕರು ಬಳಸುವ 'ಗ್ರಾಮ್ಯ' ಎಷ್ಟೋ ಸಲ ಸಿನಿಮಾದ ಹಾಸ್ಯಪಾತ್ರಗಳಿಂದ ಬಂದದ್ದು. ಅದು ನಮ್ಮ ದೊಪ್ಪಿಯಜ್ಜೇಸೆ.

ಇದಕ್ಕಿಂತ ನೋಯಿಸುವ ವಿಷಯ ಇನ್ನೊಂದಿದೆ. ಈ ಮಾತು ಬರುವುದು ಆ ಇಬ್ಬರಿಗೆ ಮಾತ್ರ. ಅದೇ ಕತೆಯ ಬ್ಯಾಂಕ್ ಮ್ಯಾನೇಜರನಿಗೆ ಪುಸ್ತಕದ ಕನ್ನಡ. ಹೀಗೆ ಕತೆಯ ಮೇಲೆ ಕತೆ ಓದಿದ ವಿದ್ಯಾರ್ಥಿ ಏನು ಕಲಿಯುತ್ತಾನೆ? ಓದಿದವರು, ಯೋಚಿಸುವವರು, ನಿರೂಪಿಸುವವರು ಒಂದು ಕನ್ನಡದವರು, ಸಾಲ ಮಾಡುವವರು, ಕುಡಿಯುವವರು, ಹೊಡೆಸಿಕೊಳ್ಳುವವರು ನಮ್ಮ ಕನ್ನಡದವರು ಎಂದು ಕಲಿಯುತ್ತಾನೆ. ಮೂಲ ಲೇಖಕ ತನ್ನ ಪಾತ್ರಕ್ಕೆ ಘನತೆ ಕೊಡಲೆಂದೇ ಅವನ ಮಾತನ್ನು ಹಾಗೆಯೇ ಬರೆದಿರಬಹುದು. ನಮ್ಮ ಅನುವಾದದಲ್ಲಿ ಆ ಘನತೆಯೂ ಹೋಯಿತು, ನಮ್ಮದೂ ಹೋಯಿತು.

ಈ ತಾಲ್ಲೂಕಿನ ಮಾತಿನಲ್ಲಿ ಏನು ಮಾಡಬಹುದು ಎಂದು ಈಗಾಗಲೇ ಒಬ್ಬರು ಮಾಡಿ ತೋರಿಸಿದ್ದಾರೆ. ನಂಜನಗೂಡು ತಾಲ್ಲೂಕಿನ ದೇವನೂರಿನವರಾದ ದೇವನೂರ ಮಹಾದೇವ ಅವರ 'ಕುಸುಮಬಾಲೆ'ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದನ್ನು ಮೊದಲು ಕನ್ನಡಕ್ಕೆ ಅನುವಾದಿಸಬೇಕು ಎಂಬ ಚಟಾಕಿಯೂ ಸಾಹಿತ್ಯ ವಲಯದಲ್ಲಿ ಓಡಾಡಿತು. ಚಟಾಕಿ ಹಾರಿಸಿದವರು ಪುಸ್ತಕದ ದೊಡ್ಡ ಸಂಗತಿಯನ್ನೇ ಕಾಣಲಿಲ್ಲ. ಅಲ್ಲಿ ಆಡುನುಡಿ ಪಾತ್ರಗಳ ಬಾಯಲ್ಲಷ್ಟೇ ಇಲ್ಲ, ಕತೆ ಹೇಳುವ ದನಿಯೂ ಅದರಲ್ಲೇ ಇದೆ. ಉಳ್ಳವರೂ ಇಲ್ಲದವರೂ, ಬದುಕಿದವರೂ ಸತ್ತವರೂ, ಕೊನೆಗೆ ಮಂಚವೂ ಆ ಮಾತಿನ ಜಗತ್ತಿನೊಳಗೇ ಇವೆ. ಎಲ್ಲರಿಗೂ ಅದೇ ಮಾತಾದ್ದರಿಂದ ಅದು ಯಾರ ಕೀಳುತನದ ಗುರುತೂ ಆಗುವುದಿಲ್ಲ. ಅದು ಆ ಪುಸ್ತಕದ ನೆಲ.

ಇಟಲಿಯಲ್ಲೂ ಇದಕ್ಕೆ ಸರಿಸಾಟಿಯಾದ ಕೆಲಸವೊಂದಿದೆ. ನಾಟಕಕಾರ ಎದುಆರ್ದೊ ದೆ ಫಿಲಿಪ್ಪೊ ತನ್ನ ಕೊನೆಯ ವರ್ಷಗಳಲ್ಲಿ ಶೇಕ್ಸ್‌ಪಿಯರನ 'ಟೆಂಪೆಸ್ಟ್' ನಾಟಕವನ್ನು ಹದಿನೇಳನೆಯ ಶತಮಾನದ ಛಾಯೆಯಿರುವ ನೇಪಲ್ಸಿನ ನುಡಿಗೆ ತಂದ. ಸೇವಕ ಕ್ಯಾಲಿಬನ್ ಮತ್ತು ಇಬ್ಬರು ಕುಡುಕರಿಗೆ ಮಾತ್ರ ಆ ನುಡಿ ಕೊಟ್ಟು, ದೊರೆ ಪ್ರಾಸ್ಪೆರೊಗೆ ಪುಸ್ತಕದ ಇಟಾಲಿಯನ್ ಕೊಡುವುದು ಸುಲಭವಿತ್ತು. ಅವನು ಇಡೀ ನಾಟಕವನ್ನೇ ಆ ನುಡಿಗೆ ಒಪ್ಪಿಸಿದ. ನಮ್ಮಲ್ಲಿ ಕುವೆಂಪು 'ಹ್ಯಾಮ್ಲೆಟ್' ಅನ್ನು 'ರಕ್ತಾಕ್ಷಿ'ಯಾಗಿ ತಂದಾಗ ಕತೆಯನ್ನೇ ಬಿದನೂರಿಗೆ ಸಾಗಿಸಿದರು. ಇವು ಪ್ರಾಮಾಣಿಕ ದಾರಿಗಳು. ಊರ ನುಡಿ ಕೊಡುವುದಾದರೆ ಎಲ್ಲರಿಗೂ ಕೊಡಿ, ಇಲ್ಲವೇ ಕತೆಯನ್ನೇ ಊರಿಗೆ ತಂದು ರೂಪಾಂತರ ಎಂದು ಕರೆಯಿರಿ. ಒಬ್ಬನಿಗೆ ಮಾತ್ರ ಕೊಡಬೇಡಿ.

ಹಾಗಾದರೆ ಆ ನಾಲ್ಕು ಸಾಲನ್ನು ಏನು ಮಾಡುವುದು? ನಾನು ಮಾಡುವುದು ಹೀಗೆ:

"ತಂದ್ಯಾ ದುಡ್ಡು?"
"ಏನೂ ಇಲ್ಲ. ಎಲ್ಲಿಂದ ತರ್ಲಿ?"
"ಶುಕ್ರವಾರ ಅಂದಿದ್ದೆ."
"ಅಂದಿದ್ದೆ. ಗೊತ್ತು."

ಇದರಲ್ಲಿ ಬೀದಿಮಾತಿನ ಪದ ಒಂದೂ ಇಲ್ಲ. ಮೊದಲ ಸಾಲಿನಲ್ಲಿ ಕ್ರಿಯಾಪದ ಮುಂದೆ ಬಂದಿದೆ. ಪುಸ್ತಕದ ಕನ್ನಡದಲ್ಲಿ ಕೊನೆಗೆ ಬರಬೇಕಾದದ್ದು ಮುಂದೆ ಬಂದಾಗ ಅವಸರ ತಾನಾಗಿಯೇ ಕೇಳಿಸುತ್ತದೆ. ಇಂಗ್ಲಿಷಿನ 'ಆರ್ ವಾಟ್' ಮಾಡುತ್ತಿದ್ದ ಕೆಲಸವೂ ಅದೇ. ಎರಡನೆಯ ಸಾಲಿನಲ್ಲಿ 'ಮ್ಯಾನ್' ಎಂಬುದು ನಿಜವಾಗಿ ಸಂಬೋಧನೆಯಲ್ಲ, ಅಂಗಲಾಚುವ ದನಿ. ನಮ್ಮಲ್ಲಿ ಆ ದನಿ ಪ್ರಶ್ನೆಯ ರೂಪದಲ್ಲಿ ಬರುತ್ತದೆ: ಎಲ್ಲಿಂದ ತರ್ಲಿ? ಒಂದು ಕಡೆ ಕಳೆದದ್ದನ್ನು ಇನ್ನೊಂದು ಕಡೆ ತುಂಬಿಕೊಡುವುದು ಅಂದರೆ ಇದು.

ಮೂರನೆಯ ಮತ್ತು ನಾಲ್ಕನೆಯ ಸಾಲಿನಲ್ಲಿ ಕನ್ನಡ ನಮಗೆ ಮೂಲದಲ್ಲಿ ಇಲ್ಲದ ಒಂದು ಲಾಭ ಕೊಡುತ್ತದೆ. 'ನೀನು ಅಂದಿದ್ದೆ', 'ನಾನು ಅಂದಿದ್ದೆ', ಎರಡಕ್ಕೂ ಕ್ರಿಯಾಪದ ಒಂದೇ. ಸರ್ವನಾಮ ಬಿಟ್ಟರೆ ಆರೋಪವೂ ಒಪ್ಪಿಗೆಯೂ ಒಂದೇ ಪದವಾಗುತ್ತವೆ, ಒಬ್ಬ ಎಸೆದದ್ದನ್ನು ಇನ್ನೊಬ್ಬ ಹಾಗೇ ಹಿಂದಕ್ಕೆ ಎಸೆಯುತ್ತಾನೆ. ಇಂಗ್ಲಿಷಿಗೆ ಪ್ರತಿ ವಾಕ್ಯದಲ್ಲೂ 'ಯೂ', 'ಐ' ಬೇಕೇ ಬೇಕು. ಕನ್ನಡಕ್ಕೂ ಇಟಾಲಿಯನ್ನಿಗೂ ಬೇಡ, ಕ್ರಿಯಾಪದವೇ ಸಾಲುತ್ತದೆ. ಆದರೂ ಅನುವಾದಕರು ಪ್ರತಿ 'ಯೂ'ಗೂ ಒಂದು 'ನೀನು' ಬರೆಯುತ್ತಾರೆ. ಬೇಡದಲ್ಲಿ ಬಂದ 'ನೀನು' ಬೆರಳು ತೋರಿಸಿ ಮಾತಾಡಿದಂತೆ ಕೇಳುತ್ತದೆ. ಕತೆಯುದ್ದಕ್ಕೂ ಹಾಗಾದರೆ ಎಲ್ಲರೂ ಎಲ್ಲರ ಮೇಲೂ ರೇಗುತ್ತಿರುವಂತಿರುತ್ತದೆ. ಸಂಭಾಷಣೆ ನಂಬುವಂತಿಲ್ಲ ಅನಿಸಿದಾಗ ಮೊದಲು ಸರ್ವನಾಮಗಳನ್ನು ಹೊಡೆದುಹಾಕಿ ಓದಿ ನೋಡಿ.

ಆದರೆ 'ನೀನು' ಹೊಡೆದುಹಾಕಿದರೂ 'ನೀನೋ ನೀವೋ' ಎಂಬ ಪ್ರಶ್ನೆ ಹೋಗುವುದಿಲ್ಲ. 'ತಂದ್ಯಾ', 'ತಂದ್ರಾ' ಎಂದು ಕ್ರಿಯಾಪದ ಬಾಯಿಬಿಟ್ಟುಬಿಡುತ್ತದೆ. ಇಂಗ್ಲಿಷ್ ಕತೆ ಮುಚ್ಚಿಟ್ಟದ್ದನ್ನು ನಾವು ನಿರ್ಧರಿಸಲೇಬೇಕು. ಇಟಲಿಯವರಿಗೂ 'ತು', 'ಲೇಯ್' ಎಂದು ಇದೇ ಕಷ್ಟ. 1938ರಲ್ಲಿ ಮುಸೊಲಿನಿಯ ಆಡಳಿತ 'ಲೇಯ್' ಬೇಡ, ಗೌರವಕ್ಕೆ 'ವೋಯ್' ಅನ್ನಿ ಎಂದು ಪ್ರಚಾರ ನಡೆಸಿತು. ಆ ಕಾಲದ ಅನುವಾದಗಳಲ್ಲಿ ಅಮೆರಿಕದವರೂ 'ವೋಯ್' ಅನ್ನುತ್ತಾ ಓಡಾಡುತ್ತಾರೆ, ಇವತ್ತು ಓದಿದರೆ ಆ ಕಾಲದ ವಾಸನೆ ಹೊಡೆಯುತ್ತದೆ. ಇದಕ್ಕೆ ಒಂದು ಕ್ರಮ ಇಟ್ಟುಕೊಳ್ಳುವುದು ಒಳ್ಳೆಯದು. ಅನುವಾದ ಶುರುಮಾಡುವ ಮೊದಲೇ ಯಾರು ಯಾರಿಗೆ ಏಕವಚನ, ಯಾರಿಗೆ ಬಹುವಚನ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು. ಸಂಬಂಧ ತಿರುಗುವ ಜಾಗದಲ್ಲಿ ಮಾತ್ರ ಅದನ್ನು ಬದಲಿಸಬೇಕು. ನಾಲ್ಕು ಪುಟ 'ನೀವು' ಎಂದವನು ಒಮ್ಮೆ 'ಹೋಗೋ' ಅಂದರೆ, ಇಂಗ್ಲಿಷಿನ ಎಂಥ ಬೈಗುಳಕ್ಕೂ ಅದು ಸಾಕು.

ಇಷ್ಟೆಲ್ಲ ಕೇಳಿದವರು ಒಂದು ಗಟ್ಟಿ ಆಕ್ಷೇಪ ಎತ್ತಬಹುದು: ನೀವು 'ತಂದ್ಯಾ', 'ತರ್ಲಿ' ಎಂದು ಬರೆದದ್ದು ಯಾರ ಕನ್ನಡ? ಅದೂ ಮೈಸೂರು-ಬೆಂಗಳೂರಿನ ಓದಿದವರ ಮನೆಮಾತಲ್ಲವೇ? ಊರಿಲ್ಲದ ಕನ್ನಡ ಎಲ್ಲಿದೆ? ಆಕ್ಷೇಪ ನ್ಯಾಯವಾದದ್ದು. ಧಾರವಾಡದ ಓದುಗನಿಗೆ ನನ್ನ ಸಾಲುಗಳಲ್ಲಿ ದಕ್ಷಿಣ ಕೇಳಿಸಿಯೇ ಕೇಳಿಸುತ್ತದೆ, ಅದನ್ನು ಪೂರ್ತಿ ಅಳಿಸಲಾಗದು. ಆದರೆ ಕಡಿಮೆ ಮಾಡಬಹುದು. 'ಕಣೋ' ಹಳೆ ಮೈಸೂರಿನದು, 'ಮಾರಾಯ' ಕರಾವಳಿ-ಮಲೆನಾಡಿನದು. ಅದಕ್ಕೇ ಎರಡನ್ನೂ ಬಿಟ್ಟೆ. ಕ್ರಿಯಾಪದ ಮುಂದೆ ಬರುವುದು, ಪ್ರಶ್ನೆಗೆ ಪ್ರಶ್ನೆಯಲ್ಲಿ ಉತ್ತರ, ಎದುರಿನವನ ಪದವನ್ನೇ ಹಿಡಿದು ತಿರುಗಿಸುವುದು, ಸರ್ವನಾಮ ಬಿಡುವುದು, ಇವು ಬೀದರಿನಲ್ಲೂ ಇವೆ, ನಂಜನಗೂಡಿನಲ್ಲೂ ಇವೆ. ಇವುಗಳ ಮೇಲೆ ಭಾರ ಹಾಕಿದಷ್ಟೂ ಕಾಗುಣಿತ ತಿರುಚುವ ಅಗತ್ಯ ಕಡಿಮೆಯಾಗುತ್ತದೆ. ನಾನು ಕ್ರಿಯಾಪದವನ್ನಷ್ಟೇ ಮಾತಿನಂತೆ ಮೊಟಕು ಮಾಡುತ್ತೇನೆ, ನಾಮಪದಗಳನ್ನು ಮುಟ್ಟುವುದಿಲ್ಲ. 'ಶುಕ್ರವಾರ'ವನ್ನು 'ಸುಕ್ರಾರ' ಮಾಡದಿದ್ದರೂ ಓದುಗ ತನ್ನ ಬಾಯಿಗೆ ಬಂದಂತೆ ಅಂದುಕೊಳ್ಳುತ್ತಾನೆ.

ಕೆಲಸ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆ ಇದೆ. ಯಾರು ಆಡಿದ್ದು ಎಂದು ಹೇಳದೆ, ಸಂಭಾಷಣೆಯನ್ನಷ್ಟೇ ಇನ್ನೊಬ್ಬರಿಗೆ ಗಟ್ಟಿಯಾಗಿ ಓದಿ ಹೇಳಿ. ಆಮೇಲೆ, ಏನು ಗೊತ್ತಾಯಿತು ಎಂದು ಕೇಳಿ. "ಯಾರೋ ನಂಜನಗೂಡಿನ ಕಡೆಯವರು" ಎಂದರೆ ಅನುವಾದ ಸೋತಿತು. "ಯಾರೋ ಪುಸ್ತಕ ಓದ್ತಿದಾರೆ" ಎಂದರೂ ಸೋತಿತು. "ಒಬ್ಬ ದುಡ್ಡು ಕೊಟ್ಟಿದಾನೆ, ಇನ್ನೊಬ್ಬನಿಗೆ ತೀರಿಸಕ್ಕೆ ಆಗ್ತಿಲ್ಲ, ಸುಳ್ಳು ಹೇಳೋಷ್ಟು ಕೆಟ್ಟವನೂ ಅಲ್ಲ" ಎಂದರೆ, ಆ ಹುಡುಗ ಕನ್ನಡದಲ್ಲಿ ಮಾತಾಡಿದ ಎಂದರ್ಥ.